ಸಾವಿರದ ವೋಚರಿಗೆ ಆರು ಸಾವಿರದ ಖರೀದಿ: ಲೆಕ್ಕ ಹಾಕುವುದು ಹೇಗೆ?

ಸೆಪ್ಟೆಂಬರ್ ಮೂರನೇ ವಾರ ಕ್ರೆಡಿಟ್ ಕಾರ್ಡಿನ ಆ್ಯಪ್ ತೆರೆದರೆ ಹೀಗೊಂದು ಸಂದೇಶ ಕಾಣಿಸಬಹುದು: ‘ತಿಂಗಳ ಕೊನೆಯೊಳಗೆ ಇನ್ನು 9,000 ರೂಪಾಯಿ ಖರ್ಚು ಮಾಡಿ, 1,000 ರೂಪಾಯಿ ವೋಚರ್ ಪಡೆಯಿರಿ.’ ಮೂರು ತಿಂಗಳಲ್ಲಿ 50,000 ದಾಟಿದರೆ ಉಡುಗೊರೆ ಎಂಬ ಈ ಬಗೆಯ ಕೊಡುಗೆಗೆ ಬ್ಯಾಂಕಿನವರು ಮೈಲ್‌ಸ್ಟೋನ್ ಎನ್ನುತ್ತಾರೆ. ದಸರಾ ಹೊಸ್ತಿಲಲ್ಲಿ ದೇವರಾಜ ಅರಸು ರಸ್ತೆಯ ತುಂಬ ಡಿಸ್ಕೌಂಟ್ ಬೋರ್ಡುಗಳಿರುವಾಗ ಈ ಸಂದೇಶಕ್ಕೆ ಮನಸ್ಸು ಬೇಗ ಸೋಲುತ್ತದೆ.

ಲೆಕ್ಕಕ್ಕೆ ಕುವೆಂಪುನಗರದ ಒಂದು ಮನೆಯನ್ನು ತೆಗೆದುಕೊಳ್ಳೋಣ. ಜುಲೈಯಿಂದ ಈವರೆಗೆ ಕಾರ್ಡಿನಲ್ಲಿ 41,000 ಖರ್ಚಾಗಿದೆ. ದಿನಸಿ, ಔಷಧಿ ಎಂದು ತಿಂಗಳ ಕೊನೆಯೊಳಗೆ ಹೇಗೂ ಇನ್ನೊಂದು 3,000 ಆಗುತ್ತದೆ. ಅಂದರೆ ನಿಜವಾದ ಕೊರತೆ 6,000.

ಮೊದಲು ಮಾಡಬೇಕಾದ್ದು ಈ 6,000ವನ್ನು ಬೇರೆಯಾಗಿ ಬರೆದಿಟ್ಟುಕೊಳ್ಳುವುದು. ಎಡವುವುದು ಇಲ್ಲೇ. ‘50,000ಕ್ಕೆ 1,000 ಬಂತು, ಪರವಾಗಿಲ್ಲ’ ಎಂದು ಒಟ್ಟು ಮೊತ್ತದ ಮೇಲೆ ಲೆಕ್ಕ ಹಾಕುತ್ತೇವೆ. ಆದರೆ 44,000 ಹೇಗೂ ಆಗುತ್ತಿದ್ದ ಖರ್ಚು. ವೋಚರಿಗಾಗಿ ಕೈಬಿಟ್ಟು ಹೋಗುವುದು ಈ 6,000 ಮಾತ್ರ. ಅದರಲ್ಲಿ ಮನೆಯಲ್ಲಿ ಒಂದು ಮಿಕ್ಸಿ ಚೆನ್ನಾಗಿ ಓಡುತ್ತಿರುವಾಗಲೇ ಇನ್ನೊಂದು ಮಿಕ್ಸಿ ಬಂದರೆ, 1,000 ಉಳಿತಾಯವಲ್ಲ, 5,000 ಹೆಚ್ಚಿನ ಖರ್ಚು. ಆ ವೋಚರ್ ಕೂಡ ನಗದಲ್ಲ. ಎಷ್ಟೋ ಸಲ ಒಂದೇ ಬ್ರ್ಯಾಂಡಿನ ಅಂಗಡಿಯಲ್ಲಿ, ಒಂದೇ ಬಿಲ್ಲಿನಲ್ಲಿ, ಅವಧಿ ಮುಗಿಯುವ ಮೊದಲು ಬಳಸಬೇಕು. ಅಲ್ಲಿ ಮೆಚ್ಚಿದ ಶರ್ಟಿನ ಬೆಲೆ 1,800 ಇದ್ದರೆ ಜೇಬಿನಿಂದ ಮತ್ತೆ 800 ಹೋಯಿತು.

ಆಮೇಲೆ ಖರ್ಚಿಗೆ ಕಾರ್ಡ್ ಕೊಡುವ ರಿವಾರ್ಡ್ ಪಾಯಿಂಟಿಗೆ ಎಷ್ಟು ಪೈಸೆ ಎಂದು ನೋಡಿ. ಬ್ಯಾಂಕಿನ ರಿವಾರ್ಡ್ ಪುಟದಲ್ಲಿ, ಬಿಲ್ಲಿಗೆ ಜಮಾ ಮಾಡಿಸಿಕೊಂಡರೆ ಎಷ್ಟು ಎಂಬುದನ್ನೇ ಹುಡುಕಿ. ಕ್ಯಾಟಲಾಗಿನ ಸೂಟ್‌ಕೇಸು, ಕುಕ್ಕರುಗಳ ಬೆಲೆ ನಂಬಬೇಡಿ. 150 ರೂಪಾಯಿಗೆ 2 ಪಾಯಿಂಟ್, ಒಂದು ಪಾಯಿಂಟಿಗೆ 25 ಪೈಸೆ ಎಂದಾದರೆ 6,000ಕ್ಕೆ ಬರುವುದು 80 ಪಾಯಿಂಟ್, ಅಂದರೆ 20 ರೂಪಾಯಿ. ಕೆಲವು ಕಾರ್ಡುಗಳಲ್ಲಿ ಪಾಯಿಂಟ್ ಬಿಡಿಸಿಕೊಳ್ಳಲೂ 99 ರೂಪಾಯಿ ಶುಲ್ಕ, ಮೇಲೆ 18% ಜಿಎಸ್‌ಟಿ ಇರುತ್ತದೆ. 500 ಪಾಯಿಂಟ್ ಎಂದರೆ 125 ರೂಪಾಯಿ. ಸುಮಾರು 117 ಶುಲ್ಕಕ್ಕೇ ಹೋಗಿ ಎಂಟು ರೂಪಾಯಿ ಕೈಗೆ ಬರುತ್ತದೆ. ಒಂದು ಕಾಫಿಗೂ ಸಾಲದು!

ಇಷ್ಟಾಗಿಯೂ ವೋಚರ್ ಬೇಕೆನಿಸಿದರೆ ಅದಕ್ಕೊಂದು ನ್ಯಾಯವಾದ ದಾರಿಯಿದೆ. ಅಕ್ಟೋಬರಿನಲ್ಲಿ ಹೇಗೂ ಕಟ್ಟಬೇಕಾದ ಬೈಕಿನ ವಿಮೆ, ಮಗುವಿನ ಶಾಲಾ ಫೀಸು ಇದ್ದರೆ ಅದನ್ನೇ ಮುಂದಾಗಿ ಕಟ್ಟಿ. ಆದರೆ ಕಟ್ಟುವ ಮೊದಲು ಕೊಡುಗೆಯ ನಿಬಂಧನೆ ಓದಿ. ಪೆಟ್ರೋಲ್, ಮನೆ ಬಾಡಿಗೆ, ವ್ಯಾಲೆಟ್‌ಗೆ ತುಂಬಿದ ಹಣ ಅನೇಕ ಕಾರ್ಡುಗಳಲ್ಲಿ ಗುರಿಗೆ ಸೇರುವುದಿಲ್ಲ. ಕೆಲವೆಡೆ ವಿಮೆ, ಫೀಸು, ಕರೆಂಟ್ ಬಿಲ್ಲೂ ಹೊರಗೆ. 30ನೇ ತಾರೀಕು ರಾತ್ರಿ ಮಾಡಿದ ಪಾವತಿ ಬ್ಯಾಂಕಿನ ಲೆಕ್ಕಕ್ಕೆ ಏರುವಷ್ಟರಲ್ಲಿ ಅಕ್ಟೋಬರ್ ಬಂದಿರಬಹುದು, ಹಾಗಾಗಿ ನಾಲ್ಕೈದು ದಿನ ಮೊದಲೇ ಮುಗಿಸಿ. ವಸ್ತು ಕೊಂಡು ವಾಪಸ್ ಮಾಡುವ ಉಪಾಯ ನಡೆಯುವುದಿಲ್ಲ. ಹಣ ಹಿಂದಿರುಗಿದಾಗ ಪಾಯಿಂಟೂ ಹಿಂದೆ ಹೋಗುತ್ತದೆ, ಗುರಿಗೆ ಸೇರಿದ್ದ ಮೊತ್ತವೂ ಕೆಳಗಿಳಿಯುತ್ತದೆ.

ಅಂಗಡಿಯಲ್ಲಿ ಕಾರ್ಡ್ ತೆಗೆಯುವ ಮೊದಲು ‘ಕ್ಯಾಶ್ ಆದ್ರೆ ಎಷ್ಟಕ್ಕೆ ಕೊಡ್ತೀರಿ?’ ಎಂದು ಕೇಳಿ. ‘ಸ್ವೈಪ್ ಮಾಡಿದ್ರೆ ಎರಡು ಪರ್ಸೆಂಟ್ ಜಾಸ್ತಿ ಆಗುತ್ತೆ ಸಾರ್’ ಎಂಬ ಉತ್ತರ ಬಂದರೆ, 6,000ಕ್ಕೆ 120 ರೂಪಾಯಿ ಕೊಟ್ಟು 20 ರೂಪಾಯಿಯ ಪಾಯಿಂಟ್ ಕೊಂಡಂತಾಯಿತು.

ಇನ್ನು ಬಿಲ್ಲು. ಆ 6,000ವನ್ನು ಪೂರ್ತಿ ಕಟ್ಟದೆ ಮುಂದಿನ ತಿಂಗಳಿಗೆ ಬಿಟ್ಟರೆ ಇಡೀ ಲೆಕ್ಕ ತಲೆಕೆಳಗು. ತಿಂಗಳಿಗೆ 3.5% ಬಡ್ಡಿಯ ಕಾರ್ಡಿನಲ್ಲಿ ಒಂದು ತಿಂಗಳಿಗೆ 210 ರೂಪಾಯಿ, ಅದರ ಮೇಲೆ ಜಿಎಸ್‌ಟಿ ಸೇರಿ ಸುಮಾರು 248. ನಾಲ್ಕು ತಿಂಗಳಿಗೆ ವೋಚರಿನ ಸಾವಿರ ಬಹುತೇಕ ಕರಗಿತು. ಬಾಕಿ ಉಳಿದಿರುವಷ್ಟು ದಿನ ಹೊಸ ಖರೀದಿಗಳಿಗೂ ಬಡ್ಡಿಯಿಲ್ಲದ ಅವಧಿ ಸಿಗುವುದಿಲ್ಲ. ಹಾಲು, ತರಕಾರಿಗೆ ಕೊಟ್ಟದ್ದಕ್ಕೂ ಕೊಂಡ ದಿನದಿಂದಲೇ ಬಡ್ಡಿ. ಆಟೊ ಡೆಬಿಟ್ ಇಟ್ಟಿದ್ದರೆ ಅದು ‘ಮಿನಿಮಮ್ ಅಮೌಂಟ್ ಡ್ಯೂ’ಗೆ ಇದೆಯೋ ‘ಟೋಟಲ್ ಅಮೌಂಟ್ ಡ್ಯೂ’ಗೆ ಇದೆಯೋ ಆ್ಯಪಿನಲ್ಲಿ ಈಗಲೇ ನೋಡಿ. ಮಿನಿಮಮ್ ಎಂದಿದ್ದರೆ ಬಿಲ್ ಬರುವ ಮೊದಲೇ ಟೋಟಲ್‌ಗೆ ಬದಲಿಸಿ.