ಬೆಂಕಿಯ ನಂತರದ ಲಾಭನಷ್ಟ ಕ್ಲೇಮ್: ಪತ್ರದಲ್ಲಿ ಲೆಕ್ಕ ಕಟ್ಟುವ ಬಗೆ

ಬೆಂಕಿಯಂಥ ಹಾನಿಯಿಂದ ವ್ಯಾಪಾರ ನಿಂತು ಕೈತಪ್ಪಿದ ಲಾಭವನ್ನು ತುಂಬಿಕೊಡುವುದು ಲಾಭನಷ್ಟ ವಿಮೆ. ಅದರ ಕ್ಲೇಮ್ ಪತ್ರ ಬರೆಯಲು ಕೂತಾಗ ಪಾಲಿಸಿಯನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳದೆ ನಾನು ಒಂದು ಅಂಕಿಯನ್ನೂ ಬರೆಯುವುದಿಲ್ಲ. ಪಾಲಿಸಿ ಹೇಳುವ ‘ಒಟ್ಟು ಲಾಭ’ಕ್ಕೂ ವರ್ಷಾಂತ್ಯದ ಲೆಕ್ಕಪತ್ರದಲ್ಲಿ ಕಾಣುವ ಒಟ್ಟು ಲಾಭಕ್ಕೂ ಹೆಸರು ಒಂದೇ, ಮೊತ್ತ ಬೇರೆ. ಹೆಚ್ಚಿನ ಕ್ಲೇಮ್‌ಗಳು ದಾರಿ ತಪ್ಪುವುದು ಇಲ್ಲೇ. ಒಂದು ಉದಾಹರಣೆಯನ್ನು ಮೊದಲಿನಿಂದ ಕೊನೆಯವರೆಗೆ ಬಿಡಿಸಿ ತೋರಿಸುತ್ತೇನೆ. ಇದು ಒಟ್ಟು ಲಾಭದ ಆಧಾರದ ಪಾಲಿಸಿಗೆ ಹೊಂದುವ ಲೆಕ್ಕ. ನಿವ್ವಳ ಲಾಭ ಮತ್ತು ಮುಂದುವರಿಯುವ ಖರ್ಚು ಸೇರಿಸಿ ಕೊಡುವ ಪಾಲಿಸಿಗಳ ಲೆಕ್ಕದ ದಾರಿ ಬೇರೆ.

ರಟ್ಟಿನ ಪೆಟ್ಟಿಗೆ ತಯಾರಿಸುವ ಒಂದು ಕಾರ್ಖಾನೆ. ಲೆಕ್ಕದ ವರ್ಷ ಏಪ್ರಿಲ್‌ನಿಂದ ಮಾರ್ಚ್. ಆಗಸ್ಟ್ 1ರಂದು ಬೆಂಕಿ ಬಿದ್ದು ಕಾಗದಕ್ಕೆ ಅಲೆ ಕೊಟ್ಟು ಅಂಟಿಸುವ ಮುಖ್ಯ ಯಂತ್ರ ಸುಟ್ಟುಹೋಯಿತು. ಹೊಸ ಯಂತ್ರ ಓಡಲು ಶುರುವಾದದ್ದು ನವೆಂಬರ್ ಕೊನೆಗೆ. ಮೊತ್ತಗಳೆಲ್ಲ ಲಕ್ಷದಲ್ಲಿವೆ.

ಪತ್ರದ ಮೊದಲ ಪ್ಯಾರಾ ಚಿಕ್ಕದಿರಲಿ: ಪಾಲಿಸಿ ಸಂಖ್ಯೆ, ಹಾನಿಯ ದಿನಾಂಕ, ಯಾವ ಆಸ್ತಿಗೆ ಏನಾಯಿತು, ಆಸ್ತಿ ವಿಮೆಯ ಕ್ಲೇಮ್ ಯಾವ ಹಂತದಲ್ಲಿದೆ ಎಂಬಷ್ಟು ಸಾಕು. ಈ ಕೊನೆಯದನ್ನು ಬಿಡಬಾರದು. ಸುಟ್ಟ ಆಸ್ತಿಯ ಕ್ಲೇಮ್‌ಗೆ ವಿಮಾ ಕಂಪನಿ ಹೊಣೆ ಒಪ್ಪಿರಬೇಕು ಎಂಬ ಷರತ್ತು ಲಾಭನಷ್ಟದ ಪಾಲಿಸಿಯಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಇನ್ನು ಒಟ್ಟು ಲಾಭದ ದರ. ಹಾನಿಯ ಹಿಂದೆ ಮುಗಿದ ಲೆಕ್ಕದ ವರ್ಷವನ್ನು ತೆಗೆದುಕೊಂಡೆ. ಮಾರಾಟ 600, ವರ್ಷದ ಕೊನೆಯ ದಾಸ್ತಾನು 50, ಸೇರಿ 650. ಇದರಿಂದ ವರ್ಷದ ಆರಂಭದ ದಾಸ್ತಾನು 40ನ್ನೂ ಪಾಲಿಸಿಯ ಪಟ್ಟಿಯಲ್ಲಿ ಹೆಸರಿಸಿದ ಖರ್ಚುಗಳನ್ನೂ ಮಾತ್ರ ಕಳೆಯಬೇಕು. ಈ ಪಾಲಿಸಿಯ ಪಟ್ಟಿಯಲ್ಲಿ ಇದ್ದದ್ದು ಮೂರೇ: ಕಾಗದ ಮತ್ತು ಅಂಟಿನ ಖರೀದಿ 320, ವಿದ್ಯುತ್ ಮತ್ತು ಇಂಧನ 36, ಮಾಲು ಕಳಿಸುವ ಸಾಗಣೆ 14. ದಾಸ್ತಾನು ಸೇರಿ ಕಳೆಯಬೇಕಾದದ್ದು 410. ಉಳಿದದ್ದು 240, ಅಂದರೆ ಮಾರಾಟದ ಶೇ. 40.

ಅದೇ ವರ್ಷದ ಲೆಕ್ಕಪತ್ರ ತೋರಿಸುತ್ತಿದ್ದ ಒಟ್ಟು ಲಾಭ 150, ಶೇ. 25. ಅಲ್ಲಿ ಕಾರ್ಖಾನೆಯ ಸಂಬಳ 72, ಬಾಡಿಗೆ 18 ಸಹ ಕಳೆದಿದ್ದರು. ಯಂತ್ರ ಸುಟ್ಟರೂ ಕಾಯಂ ಕೆಲಸಗಾರರ ಸಂಬಳ ನಿಲ್ಲುವುದಿಲ್ಲ, ಬಾಡಿಗೆಯೂ ನಿಲ್ಲುವುದಿಲ್ಲ. ಆ ಹೊರೆಗಾಗಿಯೇ ವಿಮೆ ಮಾಡಿಸಿರುವುದು. ಶೇ. 25 ಹಾಕಿ ಕ್ಲೇಮ್ ಕಳಿಸಿದರೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕೈಬಿಟ್ಟಂತೆ. ಹಾಗಾಗಿ 150ರಿಂದ 240ಕ್ಕೆ ಹೇಗೆ ಬಂದೆವು ಎಂಬುದನ್ನು ಪತ್ರಕ್ಕೆ ಒಂದು ಪುಟದ ಹೊಂದಾಣಿಕೆ ಪಟ್ಟಿಯಾಗಿ ಲಗತ್ತಿಸುತ್ತೇನೆ. ನಷ್ಟವನ್ನು ಅಳೆಯಲು ವಿಮಾ ಕಂಪನಿ ನೇಮಿಸುವ ಸರ್ವೇಯರ್ ಮೊದಲು ಹೋಲಿಸಿ ನೋಡುವುದು ಆಡಿಟ್ ಆದ ಲೆಕ್ಕಪತ್ರದ ಜೊತೆಗೇ. ಕಾಗದದ ಬೆಲೆ ಏರಿದ್ದರೆ ಹಳೆಯ ದರ ನಿಲ್ಲುವುದಿಲ್ಲ. ಅದಕ್ಕೆ ಬೆಂಕಿಗೆ ಮುಂಚಿನ ನಾಲ್ಕು ತಿಂಗಳ ಸರಾಸರಿ ಖರೀದಿ ಬೆಲೆಯನ್ನೂ ಮಾರಾಟ ಬೆಲೆಯನ್ನೂ ಹಿಂದಿನ ವರ್ಷದ ಪಕ್ಕದಲ್ಲಿ ಇಟ್ಟು ತೋರಿಸಬೇಕು. ಇಲ್ಲಿ ಎರಡೂ ಹೆಚ್ಚುಕಮ್ಮಿ ಹಾಗೆಯೇ ಇದ್ದವು, ಶೇ. 40 ಉಳಿಯಿತು.

ಮುಂದಿನದು ವಹಿವಾಟಿನ ಕೊರತೆ. ಹಿಂದಿನ ವರ್ಷದ ಇದೇ ನಾಲ್ಕು ತಿಂಗಳಲ್ಲಿ, ಆಗಸ್ಟ್‌ನಿಂದ ನವೆಂಬರ್‌ವರೆಗೆ, 210ರ ಮಾರಾಟ ಆಗಿತ್ತು. ಇದು ಅಳತೆಗೋಲು. ಆದರೆ ಈ ವರ್ಷ ವ್ಯಾಪಾರ ಬೆಳೆಯುತ್ತಿತ್ತಲ್ಲ? ಏಪ್ರಿಲ್‌ನಿಂದ ಜುಲೈವರೆಗೆ ಕಳೆದ ವರ್ಷ 180 ಇದ್ದದ್ದು ಈ ವರ್ಷ 198 ಆಗಿತ್ತು, ನೋಡಿದರೆ ಶೇ. 10ರ ಏರಿಕೆ. ಬಿಲ್‌ಗಳನ್ನು ಗ್ರಾಹಕರ ಪ್ರಕಾರ ಬಿಡಿಸಿದರೆ ಜೂನ್‌ನಲ್ಲಿ ಒಬ್ಬ ಗ್ರಾಹಕರಿಗೆ 9ರ ಒಂದು ಬಿಡಿ ಆರ್ಡರ್ ಹೋಗಿದೆ, ಹಿಂದೆಯೂ ಇಲ್ಲ, ಮುಂದಕ್ಕೂ ಆರ್ಡರ್ ಇಲ್ಲ. ಅದನ್ನು ತೆಗೆದರೆ 189, ಏರಿಕೆ ಶೇ. 5. ನಾನು ಹಾಕುವುದು ಶೇ. 5 ಮಾತ್ರ, ಕಾರಣವನ್ನೂ ಪತ್ರದಲ್ಲೇ ಬರೆಯುತ್ತೇನೆ: “ಜೂನ್ ತಿಂಗಳ 9 ಲಕ್ಷದ ಆರ್ಡರ್ ಒಂದೇ ಬಾರಿಯದಾದ್ದರಿಂದ ಬೆಳವಣಿಗೆಯ ಲೆಕ್ಕದಿಂದ ಅದನ್ನು ನಾವೇ ಕೈಬಿಟ್ಟಿದ್ದೇವೆ, ಗ್ರಾಹಕವಾರು ಮಾರಾಟದ ಪಟ್ಟಿ ಲಗತ್ತು 4ರಲ್ಲಿದೆ.” ಈ ಒಂದು ವಾಕ್ಯಕ್ಕೆ ಬೆಲೆ ಇದೆ. ಅದೇ ಆರ್ಡರನ್ನು ಸರ್ವೇಯರ್ ಹುಡುಕಿ ತೆಗೆದರೆ ಉಳಿದ ಎಲ್ಲ ಅಂಕಿಗಳ ಮೇಲೂ ಅನುಮಾನ ಬೀಳುತ್ತದೆ.

ಹಾಗಾಗಿ ಬೆಂಕಿ ಬೀಳದಿದ್ದರೆ ಆಗುತ್ತಿದ್ದ ಮಾರಾಟ 220.5. ನಿಜಕ್ಕೂ ಆದದ್ದು 110.5. ಕೊರತೆ 110, ಅದರ ಶೇ. 40 ಅಂದರೆ 44 ಲಕ್ಷ ಕಳೆದುಹೋದ ಒಟ್ಟು ಲಾಭ.

ಈ ಹಂತದಲ್ಲಿ ಸರ್ವೇಯರ್ ಎತ್ತುವ ಪ್ರಶ್ನೆ ಒಂದಿದೆ: ಮಾರಾಟ ತಪ್ಪಿಹೋಯಿತೋ, ಬರೀ ಮುಂದಕ್ಕೆ ಹೋಯಿತೋ? ನಾಲ್ಕು ತಿಂಗಳು ಕಾದ ಗ್ರಾಹಕರು ಡಿಸೆಂಬರ್‌ನಲ್ಲಿ ಒಟ್ಟಿಗೆ ಖರೀದಿಸಿದ್ದರೆ ಅಷ್ಟು ಕೊರತೆ ತುಂಬಿಕೊಂಡಂತೆ. ಹಾಗಾಗಿ ಯಂತ್ರ ಓಡಿದ ಮೇಲಿನ ಎರಡು ತಿಂಗಳ ಮಾರಾಟವನ್ನೂ ಕೋಷ್ಟಕದಲ್ಲಿ ಸೇರಿಸಿ, ಅದು ನಿರೀಕ್ಷಿತ ಮಟ್ಟದಲ್ಲೇ ಇದೆ ಎಂದು ತೋರಿಸಬೇಕು. ಅದು ಮಟ್ಟಕ್ಕಿಂತ ಕೆಳಗಿದ್ದರೆ, ವಿಮೆ ನಷ್ಟ ತುಂಬಿಕೊಡುವ ಇಂಡೆಮ್ನಿಟಿ ಅವಧಿ ಇನ್ನೂ ಮುಗಿದಿಲ್ಲ ಎಂದೇ ಅರ್ಥ. ಯಂತ್ರ ಬಂದ ದಿನಕ್ಕೆ ಅವಧಿ ಮುಗಿಯುವುದಿಲ್ಲ. ಪಾಲಿಸಿಯ ಗರಿಷ್ಠ ಅವಧಿಯೊಳಗೆ ವ್ಯಾಪಾರಕ್ಕೆ ಪೆಟ್ಟು ಇರುವವರೆಗೂ ಅದು ನಡೆಯುತ್ತದೆ.

ಅತಿ ಹೆಚ್ಚು ಜಗಳ ಆಗುವುದು ಹೆಚ್ಚುವರಿ ಕೆಲಸದ ಖರ್ಚಿನಲ್ಲಿ. ವಹಿವಾಟು ಕುಸಿಯದಂತೆ ತಡೆಯುವ ಏಕೈಕ ಉದ್ದೇಶಕ್ಕೆ, ಅಗತ್ಯವಾಗಿ ಮತ್ತು ನ್ಯಾಯವಾಗಿ ಮಾಡಿದ ಖರ್ಚು ಮಾತ್ರ ಸಿಗುತ್ತದೆ. ಜೊತೆಗೆ ಒಂದು ಮಿತಿ ಇದೆ: ಆ ಖರ್ಚಿನಿಂದ ಉಳಿಸಿಕೊಂಡ ವಹಿವಾಟಿನ ಒಟ್ಟು ಲಾಭಕ್ಕಿಂತ ಹೆಚ್ಚು ಸಿಗದು.

ನಾಲ್ಕು ತಿಂಗಳಲ್ಲಿ ಆದ 110.5ರ ಮಾರಾಟದಲ್ಲಿ 10.5 ಗೋದಾಮಿನಲ್ಲಿ ಉಳಿದಿದ್ದ ತಯಾರಾದ ಮಾಲಿನದು. 75 ಬೇರೆ ಕಾರ್ಖಾನೆಯಲ್ಲಿ ಜಾಬ್ ವರ್ಕ್ ಮಾಡಿಸಿದ್ದು. 25 ಬಾಡಿಗೆಗೆ ತಂದ ಸಣ್ಣ ಯಂತ್ರದಲ್ಲಿ ಮಾಡಿದ್ದು. ಈ ವಿಂಗಡಣೆ ಇಲ್ಲದಿದ್ದರೆ ಮಿತಿಯನ್ನು ಪರೀಕ್ಷಿಸುವುದೇ ಸಾಧ್ಯವಿಲ್ಲ. ಮೊದಲ ದಿನದಿಂದಲೇ ಪ್ರತಿ ಬಿಲ್ ಮೇಲೆ ಮಾಲು ಎಲ್ಲಿ ತಯಾರಾಯಿತು ಎಂಬ ಗುರುತು ಹಾಕಿಸುವುದು ಅದಕ್ಕಾಗಿ. ತಿಂಗಳುಗಳ ನಂತರ ನೆನಪಿನಿಂದ ಬಿಡಿಸಲು ಹೋದರೆ ಅದನ್ನು ಯಾರೂ ಒಪ್ಪುವುದಿಲ್ಲ.

ಜಾಬ್ ವರ್ಕ್ ಬಿಲ್‌ಗಳ ಮೊತ್ತ 21. ಇದನ್ನು ಹಾಗೆಯೇ ಕ್ಲೇಮ್ ಮಾಡಬಾರದು. ಆ 75ರ ಮಾಲನ್ನು ಸ್ವಂತ ಯಂತ್ರದಲ್ಲಿ ಮಾಡಿದ್ದರೆ ಮಾರಾಟದ ಶೇ. 6ರಂತೆ, ಅಂದರೆ 4.5, ವಿದ್ಯುತ್ತು ಮತ್ತು ಇಂಧನಕ್ಕೆ ಹೋಗುತ್ತಿತ್ತು. ಅದು ಈಗ ಖರ್ಚಾಗಿಲ್ಲ. ಶೇ. 40ರ ದರ ಬಂದದ್ದೇ ಆ ಖರ್ಚನ್ನು ಕಳೆದ ಮೇಲೆ. ಹಾಗಾಗಿ ನಿಜವಾದ ಹೆಚ್ಚುವರಿ 16.5. ಕಾಗದ ಅಲ್ಲಿಗೆ ಒಯ್ದು ರಟ್ಟಿನ ಹಲಗೆ ವಾಪಸ್ ತಂದ ಸಾಗಣೆ 3.5 ಸೇರಿ 20. ಮಿತಿ 75ರ ಶೇ. 40, ಅಂದರೆ 30. 20 ಪೂರ್ತಿ ಸಿಗುತ್ತದೆ.

ಬಾಡಿಗೆ ಯಂತ್ರಕ್ಕೆ ಬಾಡಿಗೆ, ಕೂರಿಸುವ ಖರ್ಚು, ಆಪರೇಟರ್ ಎಲ್ಲ ಸೇರಿ 12. ಅದರಿಂದ ಉಳಿಸಿಕೊಂಡ ವಹಿವಾಟು 25, ಮಿತಿ 10. ಇಲ್ಲಿ 2 ಕೈಬಿಡುತ್ತದೆ. ಎರಡೂ ಕ್ರಮಗಳನ್ನು ಕೂಡಿಸಿದರೆ ಖರ್ಚು 32, ಮಿತಿ 40, ಪೂರ್ತಿ ಸಿಗಬೇಕಲ್ಲ ಎಂದು ವಾದಿಸಬಹುದು. ಎರಡೂ ಒಂದೇ ಯೋಜನೆಯ ಭಾಗಗಳಾಗಿದ್ದರೆ, ಉದಾಹರಣೆಗೆ ಜಾಬ್ ವರ್ಕ್‌ನಿಂದ ಬಂದ ಹಲಗೆಯನ್ನೇ ಬಾಡಿಗೆ ಯಂತ್ರದಲ್ಲಿ ಮುಗಿಸಿದ್ದರೆ, ನಾನೂ ಹಾಗೆಯೇ ವಾದಿಸುತ್ತೇನೆ. ಇಲ್ಲಿ ಎರಡೂ ಬೇರೆ ಬೇರೆ ನಿರ್ಧಾರ, ಬೇರೆ ಬೇರೆ ಗ್ರಾಹಕರಿಗೆ. ಪಾಲಿಸಿಯ ಮಾತು ‘ಆ ಖರ್ಚಿನಿಂದ ತಪ್ಪಿದ ಕುಸಿತ’ ಎಂದು ಆಯಾ ಖರ್ಚಿಗೇ ಅಂಟಿಕೊಂಡಿರುವುದರಿಂದ ಪತ್ರದಲ್ಲಿ 10 ಮಾತ್ರ ಕೇಳಿದೆ. ಆ 2ಕ್ಕೆ ರಕ್ಷಣೆ ಬೇಕಿದ್ದರೆ ಮಿತಿ ಮೀರಿದ ಹೆಚ್ಚುವರಿ ಖರ್ಚಿನ ಪ್ರತ್ಯೇಕ ಐಟಂ ಪಾಲಿಸಿಯಲ್ಲಿ ಮೊದಲೇ ಇರಬೇಕಿತ್ತು. ಹೆಚ್ಚುವರಿ ಖರ್ಚಿನ ಒಟ್ಟು ಕ್ಲೇಮ್ 30.

ಇನ್ನು ಕಳೆಯಬೇಕಾದದ್ದು. ಒಟ್ಟು ಲಾಭದಿಂದ ಭರಿಸುವ ಖರ್ಚುಗಳಲ್ಲಿ ನಿಂತುಹೋದವು ಅಥವಾ ಕಡಿಮೆಯಾದವು ಉಳಿತಾಯದ ಲೆಕ್ಕಕ್ಕೆ ಹೋಗುತ್ತವೆ. ಗುತ್ತಿಗೆ ಕಾರ್ಮಿಕರನ್ನು ಕರೆಸದ್ದರಿಂದ 4.2, ಸುಟ್ಟ ಯಂತ್ರದ ನಿರ್ವಹಣಾ ಒಪ್ಪಂದ ನಿಂತದ್ದರಿಂದ 0.8, ಸೇರಿ 5. ಕಾಗದ, ವಿದ್ಯುತ್ತು, ಸಾಗಣೆಯನ್ನು ಇಲ್ಲಿ ಮತ್ತೆ ಕಳೆಯಬಾರದು, ದರದಲ್ಲಿ ಅವು ಆಗಲೇ ಕಳೆದಿವೆ. ಸುಟ್ಟ ಯಂತ್ರದ ಸವಕಳಿಯೂ ಉಳಿತಾಯ ಎಂದು ಸರ್ವೇಯರ್ ಹೇಳಬಹುದು. ಸವಕಳಿ ಯಾರಿಗೂ ಪಾವತಿಸುವ ಖರ್ಚಲ್ಲ ಎಂಬುದು ಪಾಲಿಸಿದಾರರ ವಾದ. ಇದು ನಿಜವಾಗಿಯೂ ವಿವಾದದ ವಿಷಯ, ಉತ್ತರ ಪಾಲಿಸಿಯ ನಿಖರ ಪದಗಳ ಮೇಲೆ ನಿಂತಿದೆ. ಪ್ರಶ್ನೆ ಬಂದಾಗ ಉತ್ತರಿಸಲು ಅಂಕಿ ಸಿದ್ಧವಿರಲಿ.

44ಕ್ಕೆ 30 ಕೂಡಿಸಿ 5 ಕಳೆದರೆ 69. ಕೈಗೆ ಬರುವ ಮೊತ್ತ ಇನ್ನೂ ಇದಲ್ಲ. ವಿಮಾ ಮೊತ್ತ ಸಾಕಷ್ಟಿತ್ತೇ ಎಂಬ ಪರೀಕ್ಷೆ ಉಳಿದಿದೆ. ಹಾನಿಗೆ ಹಿಂದಿನ 12 ತಿಂಗಳ ಮಾರಾಟ 618, ಅಂದರೆ 600ರಿಂದ ಹಳೆಯ ಏಪ್ರಿಲ್–ಜುಲೈನ 180 ಹೋಗಿ ಹೊಸ 198 ಬಂತು. ಬಿಡಿ ಆರ್ಡರ್ 9 ತೆಗೆದರೆ 609, ಶೇ. 5 ಏರಿಸಿದರೆ 639.45, ಅದರ ಶೇ. 40 ಅಂದರೆ 255.78. ವಿಮೆ ಮಾಡಿಸಿದ್ದು ಹಿಂದಿನ ವರ್ಷದ ಅಂಕಿಯ ಮೇಲೆ, 240ಕ್ಕೆ. ಅದೇ ಪ್ರಮಾಣದಲ್ಲಿ ಕ್ಲೇಮ್ ಇಳಿದು 64.74 ಆಗುತ್ತದೆ. ಕೊರತೆ ಲೆಕ್ಕ ಹಾಕುವಾಗ ಶೇ. 5ರ ಬೆಳವಣಿಗೆ ತೆಗೆದುಕೊಂಡು, ಇಲ್ಲಿ ಅದನ್ನು ಬಿಟ್ಟರೆ ಸರ್ವೇಯರ್ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಬೆಳವಣಿಗೆಯನ್ನು ಶೇ. 10 ಎಂದು ಹಿಗ್ಗಿಸಿದ್ದರೆ ಈ ಕಡಿತವೂ ಅಷ್ಟೇ ಹಿಗ್ಗುತ್ತಿತ್ತು. ಈ ಪಾಲಿಸಿಯಲ್ಲಿ ಮೊದಲ ಕೆಲವು ದಿನಗಳ ನಷ್ಟವನ್ನು ನಾವೇ ಹೊರಬೇಕೆಂಬ ಷರತ್ತು ಇರಲಿಲ್ಲ. ಇದ್ದರೆ ಅದನ್ನು ಈ ಕಡಿತಕ್ಕೆ ಮುಂಚೆ ಕಳೆಯಬೇಕೋ ನಂತರವೋ ಎಂಬುದನ್ನು ಪಾಲಿಸಿಯಲ್ಲೇ ಓದಿಕೊಳ್ಳಬೇಕು.

ಲಗತ್ತುಗಳಲ್ಲಿ ಸರ್ವೇಯರ್ ಹೆಚ್ಚು ಹೊತ್ತು ನೋಡುವುದು ಜಾಬ್ ವರ್ಕ್ ಕಡತವನ್ನು. ಪ್ರತಿ ಬಿಲ್‌ನ ಹಿಂದೆ ಕಾಗದ ಕಳಿಸಿದ ಚಲನ್, ಹಲಗೆ ವಾಪಸ್ ಬಂದ ಚಲನ್, ಅದರಿಂದಾದ ಪೆಟ್ಟಿಗೆಗಳ ಮಾರಾಟ ಬಿಲ್‌ನ ಸಂಖ್ಯೆ, ಬ್ಯಾಂಕ್‌ನಿಂದ ಹಣ ಹೋದ ದಾಖಲೆ, ಈ ನಾಲ್ಕನ್ನೂ ಒಂದೇ ಗುರುತು ಸಂಖ್ಯೆಯಲ್ಲಿ ಪಿನ್ ಮಾಡಿ ಕೊಡುತ್ತೇನೆ. ಹೆಚ್ಚು ದರ ಕೇಳಿದ ಎರಡು ಕೊಟೇಶನ್‌ಗಳನ್ನೂ ಅದರ ಮೇಲೆಯೇ ಇಡುತ್ತೇನೆ, ಖರ್ಚು ನ್ಯಾಯವಾದದ್ದು ಎಂಬುದಕ್ಕೆ ಅವೇ ಸಾಕ್ಷಿ. ಈ ವರ್ಷದ ಲೆಕ್ಕ ಇನ್ನೂ ಆಡಿಟ್ ಆಗಿಲ್ಲದ್ದರಿಂದ ಅಂಕಿಗಳನ್ನು ತಿದ್ದುವ ಹಕ್ಕು ಕಾಯ್ದಿರಿಸಿಕೊಂಡಿದ್ದೇವೆ ಎಂಬ ಸಾಲನ್ನು ಸಹಿಯ ಮೇಲೆ ಬರೆದು, ವಿವಾದವಿಲ್ಲದ ಭಾಗವನ್ನು ಮುಂಗಡವಾಗಿ ಬಿಡುಗಡೆ ಮಾಡುವಂತೆ ಅದರ ಕೆಳಗೆಯೇ ಕೇಳಿಕೊಳ್ಳುತ್ತೇನೆ.