ಕಪ್ಪು ಕಾಣುವವರೆಗೆ ಕಾಯಬೇಡಿ: ಮೂಗಿನ ‘ಬ್ಲ್ಯಾಕ್ ಫಂಗಸ್’ ಗುರುತಿಸುವುದು ಹೇಗೆ, ಚಿಕಿತ್ಸೆ ಹೇಗೆ?

ಮ್ಯೂಕರ್‌ಮೈಕೋಸಿಸ್‌ಗೆ ‘ಬ್ಲ್ಯಾಕ್ ಫಂಗಸ್’ ಎಂಬ ಹೆಸರು ಅಂಟಿಕೊಂಡಿದ್ದರಿಂದ ಒಂದು ಅನಾಹುತವಾಗಿದೆ. ಮೂಗೋ ಕೆನ್ನೆಯೋ ಕಪ್ಪಾದರೆ ಮಾತ್ರ ಹೆದರಬೇಕು ಎಂದು ಜನ ತಿಳಿದುಕೊಂಡಿದ್ದಾರೆ. ಆ ಕಪ್ಪು ಶಿಲೀಂಧ್ರದ ಬಣ್ಣವಲ್ಲ, ರಕ್ತ ಸಿಗದೆ ಸತ್ತ ಮಾಂಸದ ಬಣ್ಣ. ಅದು ಹೊರಗೆ ಕಾಣುವಷ್ಟರಲ್ಲಿ ಒಳಗೆ ಕಾಯಿಲೆ ಬಹಳ ದೂರ ಹೋಗಿರುತ್ತದೆ.

ಈ ಶಿಲೀಂಧ್ರದ ಬೀಜಕಣಗಳು ಮಣ್ಣಿನಲ್ಲಿ, ಕೊಳೆತ ಎಲೆಯಲ್ಲಿ, ಗಾಳಿಯಲ್ಲಿ ಎಲ್ಲ ಕಡೆ ಇವೆ. ದಿನವೂ ಉಸಿರಿನೊಡನೆ ಒಳಗೆ ಹೋಗುತ್ತವೆ, ಬಿಳಿ ರಕ್ತಕಣಗಳು ಅವುಗಳನ್ನು ಅಲ್ಲೇ ಮುಗಿಸುತ್ತವೆ. ಸಕ್ಕರೆ ಏರಿದಾಗ ಈ ಕಾವಲು ಮಂಕಾಗುತ್ತದೆ. ಸ್ಟೀರಾಯ್ಡ್ ಎರಡು ಕಡೆಯಿಂದ ಹೊಡೆಯುತ್ತದೆ: ಬಿಳಿ ರಕ್ತಕಣಗಳ ಶಕ್ತಿಯನ್ನೂ ಕುಗ್ಗಿಸುತ್ತದೆ, ಸಕ್ಕರೆಯನ್ನೂ ಏರಿಸುತ್ತದೆ. ಸಕ್ಕರೆ ಕೈಮೀರಿ ರಕ್ತ ಆಮ್ಲೀಯವಾದರೆ (ಕೀಟೋಅಸಿಡೋಸಿಸ್) ಪ್ರೋಟೀನುಗಳು ಹಿಡಿದಿಟ್ಟಿದ್ದ ಕಬ್ಬಿಣಾಂಶ ಬಿಡುಗಡೆಯಾಗುತ್ತದೆ. ಈ ಶಿಲೀಂಧ್ರಕ್ಕೆ ಬೇಕಿದ್ದದ್ದೇ ಅದು.

ಮೊದಲು ಸಕ್ಕರೆ, ಅದೂ ಸರಿಯಾದ ಹೊತ್ತಿಗೆ

ಒಬ್ಬ ರೋಗಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ವಯಸ್ಸು 54, ತೂಕ 60 ಕಿಲೋ, ಹಳೆಯ ಸಕ್ಕರೆ ಕಾಯಿಲೆ. ಶ್ವಾಸಕೋಶದ ತೊಂದರೆಗೆಂದು ದಿನಕ್ಕೆ 40 ಮಿ.ಗ್ರಾಂ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯನ್ನು ಹತ್ತು ದಿನದಿಂದ ಬೆಳಿಗ್ಗೆ ತೆಗೆದುಕೊಳ್ಳುತ್ತಿದ್ದಾರೆ. ಮನೆಯಲ್ಲಿ ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ ಮಾತ್ರ ನೋಡುತ್ತಾರೆ. ಅದು 150ರ ಆಸುಪಾಸು ಇದೆ, ‘ಪರವಾಗಿಲ್ಲ’ ಅಂದುಕೊಂಡಿದ್ದಾರೆ.

ಎಡವಟ್ಟಾಗುವುದು ಇಲ್ಲೇ. ಬೆಳಿಗ್ಗೆ ನುಂಗಿದ ಸ್ಟೀರಾಯ್ಡ್ ಸಕ್ಕರೆಯನ್ನು ಏರಿಸುವುದು ಮಧ್ಯಾಹ್ನದಿಂದ ರಾತ್ರಿಯವರೆಗೆ. ಬೆಳಗಾಗುವಷ್ಟರಲ್ಲಿ ಮತ್ತೆ ಇಳಿದಿರುತ್ತದೆ. ಸ್ಟೀರಾಯ್ಡ್ ನಡೆಯುತ್ತಿರುವಾಗ ಮಧ್ಯಾಹ್ನದ ಊಟವಾಗಿ ಎರಡು ಗಂಟೆಗೆ ಒಮ್ಮೆ, ರಾತ್ರಿ ಊಟಕ್ಕೆ ಮುಂಚೆ ಒಮ್ಮೆ ನೋಡಲೇಬೇಕು. ನಮ್ಮ ರೋಗಿಯ ಸಕ್ಕರೆ ಆ ಹೊತ್ತಿಗೆ 380 ಇತ್ತು. ಯಾರೂ ನೋಡಿರಲಿಲ್ಲ.

ಟಾರ್ಚ್, ಹತ್ತಿ, ಐದು ನಿಮಿಷ

ಹನ್ನೊಂದನೆಯ ದಿನ ಅವರಿಗೆ ಬಲ ಮೂಗು ಕಟ್ಟಿತು, ಬಲಗೆನ್ನೆ ನೋಯತೊಡಗಿತು. ನೆಗಡಿ ಎರಡೂ ಮೂಗನ್ನು ಕಟ್ಟುವುದೇ ಹೆಚ್ಚು. ಸಕ್ಕರೆ ಕಾಯಿಲೆಯವರಲ್ಲಿ ಒಂದೇ ಬದಿಯ ತೊಂದರೆ ಎಂದರೆ ಕಿವಿ ನಿಮಿರಬೇಕು.

ಮನೆಯವರು ಹೀಗೆ ನೋಡಬಹುದು. ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಎರಡೂ ಕೆನ್ನೆ ಮತ್ತು ಮೇಲ್ತುಟಿಯನ್ನು ಸವರಿ, ‘ಎರಡೂ ಕಡೆ ಒಂದೇ ಥರ ಗೊತ್ತಾಗುತ್ತದೆಯೇ?’ ಎಂದು ಕೇಳಿ. ಕಣ್ಣಿನ ಕೆಳಗಿಂದ ಕೆನ್ನೆಗೆ ಬರುವ ನರ, ಕೆನ್ನೆಯ ಮೂಳೆಯೊಳಗಿನ ಗಾಳಿಗೂಡಾದ ಸೈನಸ್‌ನ ಮೇಲ್ಛಾವಣಿಯ ಮೂಳೆಯೊಳಗೇ ಹಾದುಬರುವುದರಿಂದ, ಶಿಲೀಂಧ್ರ ಅಲ್ಲಿಗೆ ಮುಟ್ಟಿದರೆ ಕೆನ್ನೆ ಮರಗಟ್ಟುತ್ತದೆ. ಕಪ್ಪು ಕಲೆಗಿಂತ ಎಷ್ಟೋ ಮುಂಚೆ ಸಿಗುವ ಸುಳಿವು ಇದು. ಆಮೇಲೆ ಬಾಯಿ ತೆರೆಸಿ ಟಾರ್ಚ್ ಬಿಟ್ಟು ಅಂಗುಳ ನೋಡಿ: ಒಂದು ಬದಿ ಬಿಳಿಚಿಕೊಂಡಿದೆಯೇ, ಕಂದಿದೆಯೇ? ಮೇಲಿನ ಹಲ್ಲುಗಳನ್ನು ಬೆರಳಲ್ಲಿ ಮೆಲ್ಲಗೆ ಅಲುಗಿಸಿ ನೋಡಿ. ಕೊನೆಗೆ ನಿಮ್ಮ ಬೆರಳನ್ನು ಎಡಬಲ, ಮೇಲೆಕೆಳಗೆ ಆಡಿಸಿ, ತಲೆ ತಿರುಗಿಸದೆ ನೋಡಲು ಹೇಳಿ. ಬೆರಳು ಎರಡಾಗಿ ಕಂಡರೆ, ರೆಪ್ಪೆ ಜೋತುಬಿದ್ದಿದ್ದರೆ, ಕಣ್ಣು ಊದಿದ್ದರೆ ಕಾಯಿಲೆ ಕಣ್ಣಿನ ಗೂಡಿಗೆ ಇಳಿದಿರಬಹುದು. ಮೂಗು ಮತ್ತು ಕಣ್ಣಿನ ನಡುವಿನ ಮೂಳೆ ಕಾಗದದಷ್ಟು ತೆಳು.

ಒಂದು ಎಚ್ಚರಿಕೆ: ಮೂಗಿನಿಂದ ಬರುವ ಕಪ್ಪು ಚಕ್ಕೆಯೆಲ್ಲ ಫಂಗಸ್ ಅಲ್ಲ, ಒಣಗಿದ ರಕ್ತವೂ ಹಾಗೇ ಕಾಣುತ್ತದೆ. ಹಾಗೆಂದು ಮನೆಯಲ್ಲೇ ತೀರ್ಮಾನಿಸಲು ಕೂರಬೇಡಿ. ಮೇಲಿನ ಚಿಹ್ನೆಗಳಲ್ಲಿ ಒಂದಿದ್ದರೂ ಅದೇ ದಿನ, ರಾತ್ರಿಯಾಗಿದ್ದರೂ, ಕಿವಿ-ಮೂಗು-ಗಂಟಲು ತಜ್ಞರಿರುವ ಆಸ್ಪತ್ರೆಗೆ ಹೋಗಿ. ಆ್ಯಂಟಿಬಯೋಟಿಕ್ ನುಂಗಿ ನಾಲ್ಕು ದಿನ ನೋಡೋಣ ಎನ್ನುವುದು ಇಲ್ಲಿ ನಡೆಯುವುದಿಲ್ಲ. ಸ್ಟೀರಾಯ್ಡನ್ನು ನೀವಾಗಿಯೇ ಫಕ್ಕನೆ ನಿಲ್ಲಿಸಲೂ ಬೇಡಿ. ಇಳಿಸುವ ಲೆಕ್ಕ ವೈದ್ಯರದು.

ಚೂರು ಮಾಂಸ ಬೇಕು, ಬರೀ ಸ್ವಾಬ್ ಸಾಲದು

ವೈದ್ಯರು ಎಂಡೋಸ್ಕೋಪ್ ಹಾಕಿ ಮೂಗಿನೊಳಗೆ ನೋಡುತ್ತಾರೆ. ಆರಂಭದಲ್ಲಿ ಅಲ್ಲಿಯೂ ಕಪ್ಪು ಇರದೆ ಒಳಪೊರೆ ಬಿಳಿಚಿಕೊಂಡಿರಬಹುದು, ಮುಟ್ಟಿದರೆ ನೋಯದೆ, ರಕ್ತ ಒಸರದೆ ಇರಬಹುದು. ಅಲ್ಲಿಂದ ಚೂರು ಮಾಂಸ ತೆಗೆದು ಪೊಟ್ಯಾಷಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಲವೇ ಗಂಟೆಗಳಲ್ಲಿ ಉತ್ತರ ಸಿಗುತ್ತದೆ. ಅಗಲವಾದ, ರಿಬ್ಬನ್ನಿನಂಥ, ಅಡ್ಡಗೋಡೆ ಅಪರೂಪವಾಗಿರುವ, ಹೆಚ್ಚುಕಡಿಮೆ ಲಂಬಕೋನದಲ್ಲಿ ಕವಲೊಡೆಯುವ ಎಳೆಗಳು ಕಂಡರೆ ಅದು ಮ್ಯೂಕರ್ ಗುಂಪಿನದು. ಸ್ವಾಬ್ ನೆಗೆಟಿವ್ ಬಂತೆಂದು ಮನೆಗೆ ಹೋಗುವಂತಿಲ್ಲ. ಶಿಲೀಂಧ್ರ ಇರುವುದು ಮಾಂಸದೊಳಗೆ, ರಕ್ತನಾಳದೊಳಗೆ. ಎಲ್ಲಿಯವರೆಗೆ ಹಬ್ಬಿದೆ ಎಂದು ತಿಳಿಯಲು ಕಾಂಟ್ರಾಸ್ಟ್ ಕೊಟ್ಟು ಎಂಆರ್‌ಐ ಮಾಡುತ್ತಾರೆ. ಅನುಮಾನ ಬಲವಾಗಿದ್ದರೆ ಈ ವರದಿಗಳಿಗೆ ಕಾಯದೆ ಔಷಧಿ ಶುರುವಾಗಬೇಕು.

ಔಷಧಿಯೊಂದೇ ಯಾಕೆ ಸಾಲದು?

ಎಲ್ಲ ಮನೆಯವರೂ ಕೇಳುವ ಪ್ರಶ್ನೆ ಇದು. ಈ ಶಿಲೀಂಧ್ರ ರಕ್ತನಾಳದ ಗೋಡೆ ಕೊರೆದು ಒಳಗೆ ಬೆಳೆಯುತ್ತದೆ, ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚುತ್ತದೆ. ಔಷಧಿ ಬರಬೇಕಾದದ್ದು ಅದೇ ನಾಳದಲ್ಲಿ. ಹಾಗಾಗಿ ಸತ್ತ ಮಾಂಸದೊಳಗಿನ ಶಿಲೀಂಧ್ರಕ್ಕೆ ಡ್ರಿಪ್ ಎಷ್ಟು ಕೊಟ್ಟರೂ ತಲುಪುವುದಿಲ್ಲ. ಅದನ್ನು ಕತ್ತರಿಸಿಯೇ ತೆಗೆಯಬೇಕು. ಎಲ್ಲಿಯವರೆಗೆ? ಕತ್ತರಿಸಿದ ಅಂಚಿನಲ್ಲಿ ತಾಜಾ ರಕ್ತ ಜಿನುಗುವವರೆಗೆ. ಜಿನುಗಿತೆಂದರೆ ಔಷಧಿಗೆ ದಾರಿ ಇದೆ ಎಂದರ್ಥ. ಕೆಲವು ದಿನ ಬಿಟ್ಟು ಮತ್ತೆ ಎಂಡೋಸ್ಕೋಪ್‌ನಲ್ಲಿ ನೋಡಿ, ಹೊಸದಾಗಿ ಸತ್ತದ್ದಿದ್ದರೆ ಮತ್ತೆ ತೆಗೆಯುತ್ತಾರೆ. ಎರಡು-ಮೂರು ಸಲ ಥಿಯೇಟರಿಗೆ ಹೋಗಬೇಕಾಗಿ ಬಂದರೆ ಮೊದಲ ಆಪರೇಷನ್ ಕೆಟ್ಟಿತು ಎಂದಲ್ಲ.

ಔಷಧಿ ಲೈಪೊಸೋಮಲ್ ಆಂಫೋಟೆರಿಸಿನ್ ಬಿ. ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 5 ಮಿ.ಗ್ರಾಂ, ಮೊದಲ ದಿನದಿಂದಲೇ ಪೂರ್ತಿ. ಮಿದುಳಿಗೆ ಹಬ್ಬಿದ್ದರೆ 10ರವರೆಗೆ. ನಮ್ಮ 60 ಕಿಲೋದ ರೋಗಿಗೆ 300 ಮಿ.ಗ್ರಾಂ, ಅಂದರೆ 50 ಮಿ.ಗ್ರಾಂನ ಆರು ವಯಲ್. ಅದನ್ನು ಬೆರೆಸುವುದು 5% ಡೆಕ್ಸ್‌ಟ್ರೋಸ್‌ನಲ್ಲಿ ಮಾತ್ರ. ಸಲೈನ್ ತಗುಲಿದರೆ ಔಷಧಿ ಗರಣೆಗಟ್ಟುತ್ತದೆ. ‘ಶುಗರ್ ಇರುವವರಿಗೆ ಗ್ಲುಕೋಸ್ ಹಾಕುತ್ತಿದ್ದಾರಲ್ಲ’ ಎಂದು ಮನೆಯವರು ಗಾಬರಿಯಾಗುವುದು ಇಲ್ಲೇ. ಅದನ್ನು ಇನ್ಸುಲಿನ್ ಲೆಕ್ಕದಲ್ಲಿ ಸರಿದೂಗಿಸುತ್ತಾರೆ. ಕಿಡ್ನಿ ಕಾಪಾಡಲು ಔಷಧಿಗೆ ಮುಂಚೆ ಬೇರೆಯಾಗಿ ಸಲೈನ್ ಕೊಟ್ಟು, ಆ ನಳಿಕೆಯನ್ನು ಡೆಕ್ಸ್‌ಟ್ರೋಸ್‌ನಿಂದ ತೊಳೆದು, ಆಮೇಲೆ ಔಷಧಿ ಹರಿಸುತ್ತಾರೆ. ಕ್ರಿಯಾಟಿನಿನ್, ಪೊಟ್ಯಾಷಿಯಂ, ಮೆಗ್ನೀಷಿಯಂ ಮೇಲೆ ಪದೇ ಪದೇ ಕಣ್ಣಿಡಬೇಕು. ಪೊಟ್ಯಾಷಿಯಂ ಕುಸಿದರೆ ಕಾಲು ಸೋಲುತ್ತದೆ, ಎದೆಬಡಿತ ತಪ್ಪುತ್ತದೆ.

ಫ್ಲೂಕೊನಜೋಲ್, ವೊರಿಕೊನಜೋಲ್ ಕೂಡ ಫಂಗಸ್ ಔಷಧಿಗಳೇ, ಆದರೆ ಈ ಗುಂಪಿಗೆ ನಾಟುವುದಿಲ್ಲ. ಡ್ರಿಪ್ ಮುಗಿದ ಮೇಲೆ ಕೊಡುವುದು ಪೊಸಕೊನಜೋಲ್ ಅಥವಾ ಐಸವುಕೊನಜೋಲ್. ಪೊಸಕೊನಜೋಲ್ ಆದರೆ ಮೊದಲ ದಿನ 300 ಮಿ.ಗ್ರಾಂ ಎರಡು ಸಲ, ಆಮೇಲೆ ದಿನಕ್ಕೊಂದು ಸಲ, ಊಟದ ಜೊತೆ. ಸ್ಕ್ಯಾನ್ ಮತ್ತು ಎಂಡೋಸ್ಕೋಪಿ ಎರಡರಲ್ಲೂ ಕಾಯಿಲೆ ಇಲ್ಲವೆಂದು ಖಾತ್ರಿಯಾಗುವವರೆಗೆ, ಸಾಮಾನ್ಯವಾಗಿ ತಿಂಗಳುಗಟ್ಟಲೆ, ಇದು ನಡೆಯುತ್ತದೆ. ನಡುವೆ ಅದೇ ಕೆನ್ನೆ ಮತ್ತೆ ನೋಯತೊಡಗಿದರೆ ಮುಂದಿನ ತಪಾಸಣೆಯ ತಾರೀಖಿಗೆ ಕಾಯದೆ ಅಂದೇ ಹೋಗಿ ತೋರಿಸಬೇಕು.