ಒಂದು ಕೆ.ಜಿ. ಪಾರ್ಸೆಲ್‌ಗೆ ಒಂದೂವರೆ ಕೆ.ಜಿ. ದುಡ್ಡು: ಕೊರಿಯರ್‌ಗೆ ನಾನು ಬರೆದ ಇಮೇಲ್

ನಾನು ಚನ್ನಪಟ್ಟಣದ ಮರದ ಆಟಿಕೆಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತೇನೆ. ಪುಣೆಗೆ ಹೋದ ಒಂದು ಪಾರ್ಸೆಲ್‌ಗೆ ವೇಟ್ ಡಿಸ್ಕ್ರೆಪೆನ್ಸಿ, ಅಂದರೆ ತೂಕದಲ್ಲಿ ವ್ಯತ್ಯಾಸ ಅಂತ ಕೊರಿಯರ್ ವಾಲೆಟ್‌ನಿಂದ ಇನ್ನಷ್ಟು ದುಡ್ಡು ಕಟ್ ಆಯಿತು. ತಕ್ಕಡಿಯಲ್ಲಿ ಅದು ಬರೀ 640 ಗ್ರಾಂ. ಕೊರಿಯರ್‌ನವರು ಹಾಕಿದ್ದು ಒಂದೂವರೆ ಕೆ.ಜಿ.

ಇಲ್ಲಿ ಸುಮ್ನೆ 640 ಗ್ರಾಂ ಅಂತ ಜಗಳಕ್ಕೆ ನಿಂತರೆ ಏನೂ ಗಿಟ್ಟುವುದಿಲ್ಲ. ಉದ್ದ, ಅಗಲ, ಎತ್ತರವನ್ನು ಸೆಂ.ಮೀ.ನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ವಾಲ್ಯೂಮೆಟ್ರಿಕ್ ತೂಕ, ಅಂದರೆ ಬಾಕ್ಸ್ ಹಿಡಿಯುವ ಜಾಗದ ಲೆಕ್ಕದ ತೂಕ, ಕೆ.ಜಿ.ಯಲ್ಲಿ ಬರುತ್ತದೆ, ಅದು ತಕ್ಕಡಿ ತೂಕಕ್ಕಿಂತ ಜಾಸ್ತಿ ಇದ್ದರೆ ಅದಕ್ಕೇ ದುಡ್ಡು. (5000 ನಮ್ಮ ಕರಾರಿನಲ್ಲಿರುವುದು, ನಿಮ್ಮದನ್ನು ನೋಡಿಕೊಳ್ಳಿ.) ಆಮೇಲೆ ಅದನ್ನು ಮುಂದಿನ ಅರ್ಧ ಕೆ.ಜಿ.ಗೆ ಏರಿಸುತ್ತಾರೆ. ನನ್ನ ಬಾಕ್ಸ್ 24 × 18 × 11, ಅಂದರೆ 0.95 ಕೆ.ಜಿ., ಬಿಲ್ ಆಗಬೇಕಾದ್ದು ಒಂದು ಕೆ.ಜಿ.ಗೆ. ಅವರು ಎತ್ತರ 15 ಅಂತ ಬರೆದಿದ್ದರು. ಆಗ 1.3 ಹತ್ತಿರ ಬಂದು, ಬಿಲ್ ಒಂದೂವರೆಗೆ ಹಾರುತ್ತದೆ. ಜಗಳ ಇರುವುದು ಆ 4 ಸೆಂ.ಮೀ. ಎತ್ತರದಲ್ಲಿ, ಅದಕ್ಕೇ ಇಮೇಲ್‌ನಲ್ಲೂ ಅದನ್ನೇ ಹಿಡಿದುಕೊಂಡೆ.

ಫೋಟೊ ಮಾತ್ರ ಮೊದಲೇ ಇರಬೇಕು, ಪಾರ್ಸೆಲ್ ಕೈಬಿಟ್ಟ ಮೇಲೆ ತೆಗೆಯಲು ಏನಿರುತ್ತದೆ? ಟೇಪ್ ಸುತ್ತಿ, ಲೇಬಲ್ ಅಂಟಿಸಿದ ಮೇಲೆ, ಪಿಕಪ್‌ಗೆ ಮುಂಚೆ ನಾನು ನಾಲ್ಕು ಫೋಟೊ ತೆಗೆದಿಡುತ್ತೇನೆ: ತಕ್ಕಡಿಯ ಮೇಲೆ ಒಂದು, ಮೂರೂ ಅಳತೆಗೆ ಒಂದೊಂದು. ಅಳತೆ ಪಟ್ಟಿಯ ಸೊನ್ನೆ ಬಾಕ್ಸ್‌ನ ಅಂಚಿಗೆ ಕೂತಿರುವುದೂ ಕಾಣಬೇಕು, ಇನ್ನೊಂದು ತುದಿಯ ಅಂಕಿಯೂ ಕಾಣಬೇಕು, ಪಾರ್ಸೆಲ್ ಗುರುತಿಸಲು ಲೇಬಲ್‌ನಲ್ಲಿರುವ ಎಡಬ್ಲ್ಯೂಬಿ ನಂಬರೂ ಓದಲು ಬರಬೇಕು. ನಂಬರ್ ಕಾಣದಿದ್ದರೆ ಅದು ಯಾರ ಬಾಕ್ಸ್ ಬೇಕಾದರೂ ಆಗಬಹುದು, ಅಲ್ವಾ? ಇನ್ನೊಂದು ವಿಷಯ, ಬಾಕ್ಸ್ ಮಾಡುವವರು ಸಾಮಾನ್ಯವಾಗಿ ಒಳಗಿನ ಅಳತೆ ಹೇಳುತ್ತಾರೆ, ಕೊರಿಯರ್‌ನವರು ಹೊರಗಿನದ್ದು ನೋಡುತ್ತಾರೆ. ಪಾರ್ಸೆಲ್ ಉಬ್ಬಿದ್ದರೆ ಆ ಉಬ್ಬೂ ಲೆಕ್ಕಕ್ಕೆ ಬರುತ್ತದೆ, ಅಲ್ಲಿ ವಾದಿಸಿ ಪ್ರಯೋಜನವಿಲ್ಲ.

ಇಂಗ್ಲಿಷ್‌ನಲ್ಲಿ ಕಳಿಸಿದ ಇಮೇಲ್‌ನ ಸಾರ ಇಷ್ಟು:

"ಈ ಎಡಬ್ಲ್ಯೂಬಿಯ ಎತ್ತರ 15 ಸೆಂ.ಮೀ. ಅಂತ ದಾಖಲಾಗಿದೆ. ಪಿಕಪ್‌ಗೆ ಮುಂಚಿನ ಫೋಟೊದಲ್ಲಿ ಅದು 11 ಸೆಂ.ಮೀ. ಉದ್ದ, ಅಗಲದ ಬಗ್ಗೆ ತಕರಾರಿಲ್ಲ. 24 × 18 × 11 ÷ 5000 = 0.95 ಕೆ.ಜಿ. ತೂಕವನ್ನು 1 ಕೆ.ಜಿ.ಗೆ ತಿದ್ದಿ, ಹೆಚ್ಚಿಗೆ ಹಿಡಿದ ದುಡ್ಡನ್ನು ವಾಲೆಟ್‌ಗೆ ಹಾಕಿ. ಒಪ್ಪದಿದ್ದರೆ, ನಿಮ್ಮ ಹಬ್‌ನಲ್ಲಿ ಅಳೆದಾಗ ತೆಗೆದ ಫೋಟೊ ಕಳಿಸಿ."

ಮೊದಲ ಉತ್ತರ "ನಮ್ಮ ಅಳತೆ ಸರಿಯಾಗಿದೆ" ಅಂತ ಬಂತು, ಫೋಟೊ ಇರಲಿಲ್ಲ. ನಾನು ಹೊಸ ಟಿಕೆಟ್ ತೆಗೆಯದೆ ಅದೇ ಇಮೇಲ್‌ಗೆ ಉತ್ತರಿಸಿ, ಕೊನೆಯ ಸಾಲನ್ನಷ್ಟೇ ಮತ್ತೆ ಕೇಳಿದೆ. ಹೊಸದು ತೆಗೆದರೆ ಹಳೆಯ ಫೋಟೊಗಳು ಹಿಂದೆ ಉಳಿದು, ತಕರಾರು ಹೇಳಲು ಕೊಟ್ಟ ಗಡುವೂ ದಾಟಿಬಿಡಬಹುದು. ಅವರ ಫೋಟೊ ಬಂದಾಗ ನೋಡಿದರೆ, ನನ್ನ ಬಾಕ್ಸ್‌ನ ಮೇಲೆ ಇನ್ನೊಬ್ಬರ ಚಿಕ್ಕ ಪಾರ್ಸೆಲ್ ಕೂತಿತ್ತು, ಎರಡನ್ನೂ ಸೇರಿಸಿ ಎತ್ತರ ಅಳೆದಿದ್ದರು. ಅದಕ್ಕೆ ಗುರುತು ಹಾಕಿ ವಾಪಸ್ ಕಳಿಸಿದ ಮೇಲೆ ದುಡ್ಡು ವಾಲೆಟ್‌ಗೆ ಬಂತು.